ಬಿ.ಕಾಂ. ಮುಗಿಸಿದವರ ಮೊದಲ ಅಕೌಂಟ್ಸ್ ಕೆಲಸ: ದಿನಕ್ಕೆ ಏಳು ಅರ್ಜಿ, ಒಂದು ರಿಜಿಸ್ಟರ್

ನನ್ನ ಅಕ್ಕನ ಮಗ ಹಾಸನದಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡು ಕೆಲಸ ಹುಡುಕತೊಡಗಿದ ಮೊದಲ ಹದಿನೈದು ದಿನ, ಸೋಫಾದ ಮೇಲೆ ಕುಳಿತು ಮೊಬೈಲಿನಲ್ಲಿ ನೂರಾ ನಲವತ್ತು ಕಡೆ ‘ಅಪ್ಲೈ’ ಒತ್ತಿದ್ದ. ಬಂದದ್ದು ಒಂದೇ ಕರೆ; ಅದೂ ‘ರಿಜಿಸ್ಟ್ರೇಷನ್ ಫೀ’ ಕೇಳಿದ ಒಂದು ಏಜೆನ್ಸಿಯದು. ಹದಿನಾಲ್ಕು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತ, ವರ್ಷಕ್ಕೆ ಒಂದೆರಡು ಬಾರಿ ಹೊಸಬರನ್ನು ಸಂದರ್ಶಿಸುವವನಾಗಿದ್ದರಿಂದ, ಅವನ ಹುಡುಕಾಟವನ್ನೂ ಒಂದು ಲೆಕ್ಕದ ಪುಸ್ತಕದಂತೆ ನಡೆಸೋಣವೆಂದು ಕುಳಿತೆವು. ಆಗ ಹಾಕಿಕೊಂಡ ಕ್ರಮವನ್ನೇ, ಅದರಲ್ಲಿ ಆದ ತಪ್ಪುಗಳ ಸಮೇತ, ಇಲ್ಲಿ ಬರೆದಿದ್ದೇನೆ. ಇದು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಹುಡುಕುವ ಬಿ.ಕಾಂ. ಪದವೀಧರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸಾಫ್ಟ್‌ವೇರ್ ಅಥವಾ ಬ್ಯಾಂಕ್ ಪರೀಕ್ಷೆಗಳ ದಾರಿ ಬೇರೆ.

ಮೊದಲ ಎರಡು ದಿನ: ಅರ್ಜಿಯನ್ನೇ ಹಾಕಬೇಡಿ

ರೆಸ್ಯೂಮೆ ಒಂದು ಪುಟದ್ದಾಗಿರಲಿ. ನನ್ನ ಮೇಜಿಗೆ ಬರುವ ಹೊಸಬರ ರೆಸ್ಯೂಮೆಗಳಲ್ಲಿ ಹೆಚ್ಚಿನವು ‘ಸವಾಲಿನ ವಾತಾವರಣದಲ್ಲಿ ಕೆಲಸ ಮಾಡಿ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವುದು’ ಎಂಬ ಗುರಿಯಿಂದ ಶುರುವಾಗುತ್ತವೆ, ಮತ್ತು ಆ ಸಾಲನ್ನು ನಾನು ಓದುವುದಿಲ್ಲ. ನಾನು ಹುಡುಕುವುದು ಮೂರು ಸಂಗತಿಗಳನ್ನು: ಈತನಿಗೆ ಟ್ಯಾಲಿಯಲ್ಲಿ ಏನೇನು ಮಾಡಲು ಬರುತ್ತದೆ, ಎಕ್ಸೆಲ್‌ನಲ್ಲಿ ಏನು ಬರುತ್ತದೆ, ಮನೆ ಎಲ್ಲಿ. ಕೊನೆಯದು ವಿಚಿತ್ರವೆನಿಸಬಹುದು. ಆದರೆ ಪೀಣ್ಯದ ಕಾರ್ಖಾನೆಯವರು ಬೊಮ್ಮಸಂದ್ರದಿಂದ ದಿನವೂ ಬರಬೇಕಾದ ಹುಡುಗ ಮೂರು ತಿಂಗಳಲ್ಲಿ ಬಿಟ್ಟುಹೋಗುತ್ತಾನೆಂದು ಅನುಭವದಿಂದ ಬಲ್ಲರು. ಆದ್ದರಿಂದ ಹೆಸರು, ಫೋನ್ ನಂಬರಿನ ಕೆಳಗೆ ಈಗ ಇರುವ ಬಡಾವಣೆಯ ಹೆಸರನ್ನೂ ಬರೆಯಿರಿ. ಊರಿನ ಪೂರ್ತಿ ವಿಳಾಸ ಬೇಕಿಲ್ಲ.

‘ಟ್ಯಾಲಿ ಗೊತ್ತಿದೆ’ ಎಂದು ಬರೆಯುವುದಕ್ಕೂ, ‘ಟ್ಯಾಲಿಪ್ರೈಮ್‌ನಲ್ಲಿ ಖರೀದಿ, ಮಾರಾಟ, ಪಾವತಿ, ರಸೀದಿ ಮತ್ತು ಕಾಂಟ್ರಾ ವೌಚರುಗಳನ್ನು ಜಿಎಸ್‌ಟಿ ಸಹಿತ ನಮೂದಿಸಬಲ್ಲೆ, ಬ್ಯಾಂಕ್ ಸಮನ್ವಯ ಪಟ್ಟಿ ತಯಾರಿಸಬಲ್ಲೆ’ ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಬರೆದವನನ್ನು ಕರೆದು ಪರೀಕ್ಷಿಸಬಹುದು. ಮೊದಲನೆಯದನ್ನು ಎಲ್ಲರೂ ಬರೆದಿರುತ್ತಾರೆ. ಬರದ್ದನ್ನು ಬರೆಯಬಾರದು, ಯಾಕೆಂದರೆ ಸಂದರ್ಶನದಲ್ಲಿ ಮೊದಲು ಕೈ ಇಡುವುದು ಆ ಸಾಲಿನ ಮೇಲೇ. ಕಡತಕ್ಕೆ ‘ರೆಸ್ಯೂಮೆ ಫೈನಲ್ 3’ ಎಂದು ಹೆಸರಿಡದೆ, ನಿಮ್ಮ ಹೆಸರು ಮತ್ತು ‘ಬಿ.ಕಾಂ. ಅಕೌಂಟ್ಸ್’ ಎಂದಿಟ್ಟು ಪಿಡಿಎಫ್ ಮಾಡಿಕೊಳ್ಳಿ.

ನೌಕ್ರಿ, ಲಿಂಕ್ಡ್‌ಇನ್, ಅಪ್ನಾ, ಕೇಂದ್ರ ಸರ್ಕಾರದ ncs.gov.in, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇವುಗಳಲ್ಲಿ ಯಾವುದಾದರೂ ಮೂರರಲ್ಲಿ ಪ್ರೊಫೈಲನ್ನು ಪೂರ್ತಿಯಾಗಿ ತುಂಬಿದರೆ ಸಾಕು. ಐದರಲ್ಲೂ ಅರ್ಧಂಬರ್ಧ ತುಂಬುವುದರಿಂದ ಪ್ರಯೋಜನವಿಲ್ಲ. ಕೆಲಸ ಕೊಡುವವರು ಪೋರ್ಟಲಿನಲ್ಲಿ ಅಭ್ಯರ್ಥಿಗಳನ್ನು ಹುಡುಕುವಾಗ ಇತ್ತೀಚೆಗೆ ಸಕ್ರಿಯರಾಗಿದ್ದವರನ್ನು ಮಾತ್ರ ಸೋಸಿ ನೋಡುವ ಸೌಲಭ್ಯ ಅವರಿಗಿರುತ್ತದೆ. ಹಾಗಾಗಿ ದಿನ ಬೆಳಿಗ್ಗೆ ಲಾಗಿನ್ ಆಗುವುದನ್ನು ತಪ್ಪಿಸಬಾರದು.

ದಿನಕ್ಕೆ ಏಳು, ಮೂರು ದಾರಿಗಳಲ್ಲಿ

ದಿನಕ್ಕೆ ಐವತ್ತು ಅರ್ಜಿ ಹಾಕುವವರನ್ನು ಕಂಡಿದ್ದೇನೆ. ಐವತ್ತು ಹಾಕಿದವನಿಗೆ ಯಾವ ಕಂಪನಿಗೆ ಹಾಕಿದ್ದೆನೆಂಬುದೇ ನೆನಪಿರುವುದಿಲ್ಲ. ಕರೆ ಬಂದಾಗ ‘ಯಾವ ಕಂಪನಿ ಸರ್?’ ಎಂದು ಕೇಳುತ್ತಾನೆ, ಅಲ್ಲಿಗೆ ಆ ಕರೆ ಮುಗಿಯುತ್ತದೆ. ನಾವು ಏಳಕ್ಕೆ ನಿಂತೆವು. ಅವುಗಳಲ್ಲಿ ಮೂರು ಪೋರ್ಟಲ್ ಮೂಲಕ, ಮೂರು ನೇರವಾಗಿ, ಒಂದು ಪರಿಚಯದವರ ಮೂಲಕ.

ಪೋರ್ಟಲಿನ ಮೂರಕ್ಕೆ ಬೆಳಿಗ್ಗೆ ಒಂಬತ್ತೂವರೆಯಿಂದ ಮುಕ್ಕಾಲು ಗಂಟೆ ಸಾಕು. ಹಿಂದಿನ ದಿನ ಅಥವಾ ಅಂದು ಪ್ರಕಟವಾದವಕ್ಕೆ ಮಾತ್ರ ಹಾಕಿ. ‘ಒಂದರಿಂದ ಎರಡು ವರ್ಷ ಅನುಭವ’ ಎಂದಿದ್ದರೆ ಹೊಸಬರೂ ಹಾಕಬಹುದು. ‘ಮೂರು ವರ್ಷ’ ಎಂದಿದ್ದರೆ ಬಿಡಿ.

ನೇರ ಅರ್ಜಿಗಳೇ ಈ ಯೋಜನೆಯ ಜೀವಾಳ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಗಳಲ್ಲಿ ಎಷ್ಟೋ ಪೋರ್ಟಲಿಗೆ ಬರುವುದೇ ಇಲ್ಲ. ಐವತ್ತು ಜನರ ಕಾರ್ಖಾನೆ, ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿ, ಮೂರ್ನಾಲ್ಕು ಮಂದಿ ಕೆಲಸ ಮಾಡುವ ಆಡಿಟರ್ ಆಫೀಸು, ಇವರೆಲ್ಲ ಜಾಹೀರಾತಿಗೆ ದುಡ್ಡು ಕೊಡುವವರಲ್ಲ. ಇರುವ ಹುಡುಗಿಗೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಪಕ್ಕದವರನ್ನು ಕೇಳುತ್ತಾರೆ, ಅಥವಾ ತಮ್ಮ ಆಡಿಟರನ್ನು ಕೇಳುತ್ತಾರೆ. ಆದ್ದರಿಂದ ಮನೆಯಿಂದ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಒಂದು ಪ್ರದೇಶವನ್ನು ಆರಿಸಿಕೊಂಡು, ಗೂಗಲ್ ಮ್ಯಾಪ್ಸ್‌ನಲ್ಲಿ ಆಡಿಟರ್ ಆಫೀಸುಗಳನ್ನೂ ಸಣ್ಣ ಕಂಪನಿಗಳನ್ನೂ ಹುಡುಕಿ, ದಿನಕ್ಕೆ ಮೂರರ ಫೋನ್ ನಂಬರು ಮತ್ತು ಇಮೇಲ್ ಬರೆದುಕೊಳ್ಳಿ. ಆಡಿಟರ್ ಆಫೀಸನ್ನು ಕೇಳುವುದರಲ್ಲಿ ಎರಡು ಲಾಭಗಳಿವೆ: ಅವರಿಗೇ ಜನ ಬೇಕಿರಬಹುದು, ಇಲ್ಲವೇ ಅವರ ಕಕ್ಷಿದಾರರಲ್ಲಿ ಯಾರಿಗಾದರೂ ಬೇಕಿರಬಹುದು. ಇಮೇಲ್ ಐದು ಸಾಲಿಗಿಂತ ಉದ್ದವಾಗಬಾರದು. ಯಾರು, ಎಲ್ಲಿರುವುದು, ಯಾವ ಕೆಲಸ ಬರುತ್ತದೆ, ಯಾವಾಗ ಸೇರಬಹುದು, ರೆಸ್ಯೂಮೆ ಲಗತ್ತಿಸಿದೆ, ಇಷ್ಟೇ.

ಪರಿಚಯದ ಒಂದರ ವಿಷಯದಲ್ಲಿ ಹುಡುಗರು ಸಂಕೋಚಪಡುತ್ತಾರೆ. ‘ನನಗೊಂದು ಕೆಲಸ ಕೊಡಿಸಿ’ ಎಂದರೆ ಕೇಳಿಸಿಕೊಂಡವರಿಗೂ ಮುಜುಗರವಾಗುತ್ತದೆ. ಅದರ ಬದಲು, ‘ಅಣ್ಣಾ, ನಿಮ್ಮ ಕಂಪನಿಯಲ್ಲಿ ಅಕೌಂಟ್ಸ್ ನೋಡುವವರ ಇಮೇಲ್ ಸಿಗುತ್ತದೆಯೇ? ರೆಸ್ಯೂಮೆ ನಾನೇ ಕಳಿಸುತ್ತೇನೆ’ ಎಂದು ಕೇಳಿ. ಇದು ಯಾರೂ ಮಾಡಿಕೊಡಬಹುದಾದ ಸಹಾಯ. ಕಾಲೇಜಿನಲ್ಲಿ ಒಂದೆರಡು ವರ್ಷ ಮುಂದಿದ್ದವರು ಇದಕ್ಕೆ ಎಲ್ಲರಿಗಿಂತ ಉತ್ತಮ. ಅವರು ಬಿಟ್ಟು ಹೋಗುತ್ತಿರುವ ಜಾಗವೇ ನಿಮಗೆ ಸಿಗಬಹುದು.

ಇವೆಲ್ಲವೂ ಒಂದು ರಿಜಿಸ್ಟರಿನಲ್ಲಿ ಬರಬೇಕು. ಎಕ್ಸೆಲ್ ಹಾಳೆಯಾದರೆ ನಿಮಗೇ ಅಭ್ಯಾಸವಾಗುತ್ತದೆ. ತಾರೀಖು, ಕಂಪನಿ, ಪ್ರದೇಶ, ದಾರಿ, ಯಾರಿಗೆ ಕಳಿಸಿದ್ದು, ಮುಂದಿನ ವಿಚಾರಣೆಯ ತಾರೀಖು, ಏನಾಯಿತು ಎಂಬ ಏಳು ಕಲಮುಗಳು ಸಾಕು. ‘ಮುಂದಿನ ವಿಚಾರಣೆ’ ಕಲಮನ್ನು ಅರ್ಜಿ ಹಾಕಿದ ದಿನವೇ ತುಂಬಬೇಕು, ಆಮೇಲೆ ತುಂಬುತ್ತೇನೆಂದರೆ ಅದು ಖಾಲಿಯೇ ಉಳಿಯುತ್ತದೆ.

ವಿಚಾರಿಸುವುದು: ತೆರಿಗೆಯ ಕ್ಯಾಲೆಂಡರ್ ನೋಡಿಕೊಂಡು

ಪೋರ್ಟಲಿನಲ್ಲಿ ಹಾಕಿದ್ದನ್ನು ವಿಚಾರಿಸಲು ಸಾಮಾನ್ಯವಾಗಿ ದಾರಿಯಿರುವುದಿಲ್ಲ, ಅದನ್ನು ಮರೆತುಬಿಡಿ. ನೇರವಾಗಿ ಮತ್ತು ಪರಿಚಯದಿಂದ ಹಾಕಿದ್ದನ್ನು ನಾಲ್ಕು ಕೆಲಸದ ದಿನಗಳ ನಂತರ ಒಮ್ಮೆ, ಅದಾದ ವಾರಕ್ಕೆ ಇನ್ನೊಮ್ಮೆ ಫೋನಿನಲ್ಲಿ ವಿಚಾರಿಸಿ, ಎರಡು ಬಾರಿಯೂ ಉತ್ತರ ಬರದಿದ್ದರೆ ರಿಜಿಸ್ಟರಿನಲ್ಲಿ ‘ಮುಗಿಯಿತು’ ಎಂದು ಬರೆಯಿರಿ. ಮೂರನೆಯ ಕರೆ ಕಾಟವಾಗುತ್ತದೆ.

ಆದರೆ ನಾಲ್ಕನೆಯ ದಿನ ಯಾವ ತಾರೀಖಿಗೆ ಬೀಳುತ್ತದೆಂದು ನೋಡಿಕೊಳ್ಳಬೇಕು, ಮತ್ತು ಈ ಒಂದು ವಿಷಯವನ್ನು ಕೆಲಸ ಹುಡುಕುವವರಿಗೆ ಯಾರೂ ಹೇಳುವುದಿಲ್ಲ. ಲೆಕ್ಕಪತ್ರದವರ ತಿಂಗಳು ತೆರಿಗೆಯ ಗಡುವುಗಳ ಮೇಲೆ ನಡೆಯುತ್ತದೆ. 7ನೇ ತಾರೀಖಿಗೆ ಹಿಂದಿನ ತಿಂಗಳ ಟಿಡಿಎಸ್ ಕಟ್ಟಬೇಕು; 11ಕ್ಕೆ ಪ್ರತಿ ತಿಂಗಳು ಸಲ್ಲಿಸುವವರ ಜಿಎಸ್‌ಟಿಆರ್-1; 20ಕ್ಕೆ ಜಿಎಸ್‌ಟಿಆರ್-3ಬಿ. ಈ ತಾರೀಖುಗಳಂದು ಮತ್ತು ಅವುಗಳ ಹಿಂದಿನ ದಿನ ತೆರಿಗೆಯ ಪೋರ್ಟಲು ನಿಧಾನವಾಗಿ, ಬಿಲ್ಲುಗಳು ಸಿಗದೆ, ಮಾಲೀಕರು ಫೋನಿನ ಮೇಲೆ ಫೋನು ಮಾಡುತ್ತಿರುವಾಗ ‘ಸರ್, ನನ್ನ ರೆಸ್ಯೂಮೆ ನೋಡಿದಿರಾ?’ ಎಂಬ ಕರೆ ಬಂದರೆ, ಆ ಹುಡುಗ ಎಷ್ಟೇ ಒಳ್ಳೆಯವನಾದರೂ ನಾನು ‘ಆಮೇಲೆ ಮಾಡಪ್ಪ’ ಎಂದು ಇಟ್ಟುಬಿಡುತ್ತೇನೆ. ಅದೇ ಕರೆ 13ಕ್ಕೋ 23ಕ್ಕೋ ಬಂದರೆ ಎರಡು ನಿಮಿಷ ಮಾತನಾಡುತ್ತೇನೆ. ಆದ್ದರಿಂದ 12ರಿಂದ 17, ಮತ್ತು 22ರಿಂದ 27ರವರೆಗಿನ ದಿನಗಳನ್ನು ವಿಚಾರಣೆಗೆ ಇಟ್ಟುಕೊಂಡು, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ ಅಥವಾ ಮಧ್ಯಾಹ್ನ ಮೂರೂವರೆಯಿಂದ ಐದರ ನಡುವೆ ಕರೆ ಮಾಡಿ. ತೆರಿಗೆ ಆಡಿಟ್ ವರದಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30 ಆಗಿರುವುದರಿಂದ, ಆ ತಿಂಗಳ ಕೊನೆಯ ಎರಡು ವಾರ ಆಡಿಟರ್ ಆಫೀಸುಗಳಿಗೆ ಕರೆ ಮಾಡುವುದು ವ್ಯರ್ಥ.

ಕರೆ ಮಾಡಿದಾಗ ಹೀಗೆ ಹೇಳಬಹುದು: ‘ನಮಸ್ಕಾರ ಸರ್. ಕಳೆದ ಸೋಮವಾರ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ರೆಸ್ಯೂಮೆ ಕಳಿಸಿದ್ದೆ. ರಾಜಾಜಿನಗರದಲ್ಲಿದ್ದೇನೆ, ಟ್ಯಾಲಿಯಲ್ಲಿ ಜಿಎಸ್‌ಟಿ ಎಂಟ್ರಿ ಮಾಡಲು ಬರುತ್ತದೆ. ಈಗ ಜಾಗ ಇದೆಯೇ, ಇಲ್ಲವೆಂದರೆ ಮುಂದಿನ ತಿಂಗಳು ವಿಚಾರಿಸಲೇ?’ ಕೊನೆಯ ಪ್ರಶ್ನೆಗೆ ‘ಹೂಂ, ಮುಂದಿನ ತಿಂಗಳು ಮಾಡಿ’ ಎಂಬ ಉತ್ತರ ಬಂದರೆ, ಆಗ ಎರಡು ಕರೆಗಳ ಮಿತಿ ಅನ್ವಯಿಸುವುದಿಲ್ಲ, ಅವರೇ ಕರೆದಂತಾಯಿತು.

ಶನಿವಾರ: ಎಲ್ಲಿ ಸೋರುತ್ತಿದೆ?

ವಾರಕ್ಕೊಮ್ಮೆ, ಶನಿವಾರ ಸಂಜೆ, ರಿಜಿಸ್ಟರನ್ನು ಒಟ್ಟು ಮಾಡಿ ನೋಡಬೇಕು. ಅರ್ಜಿಗಳೆಷ್ಟು, ಕರೆಗಳೆಷ್ಟು, ಸಂದರ್ಶನಗಳೆಷ್ಟು ಎಂಬ ಮೂರು ಸಂಖ್ಯೆಗಳು ಸಾಕು, ಆದರೆ ದಾರಿವಾರು ಬೇರೆ ಬೇರೆಯಾಗಿ.

ನನ್ನ ಅಳಿಯನ ಲೆಕ್ಕ ಹೀಗಿತ್ತು. ಮೊದಲ ಎರಡು ವಾರಗಳ ಹನ್ನೆರಡು ದಿನಗಳಲ್ಲಿ 84 ಅರ್ಜಿಗಳು: ಪೋರ್ಟಲು 36, ನೇರ 36, ಪರಿಚಯ 12. ಪೋರ್ಟಲಿನಿಂದ 2 ಕರೆ, ನೇರ ದಾರಿಯಿಂದ 6, ಪರಿಚಯದಿಂದ 3, ಒಟ್ಟು 11 ಕರೆಗಳು. ಆದರೆ ಸಂದರ್ಶನಕ್ಕೆ ಕರೆದವರು ಮೂವರೇ. ಕರೆಗಳು ಬರುತ್ತಿವೆಯೆಂದರೆ ರೆಸ್ಯೂಮೆ ಸರಿಯಿದೆ. ಕರೆಯಾದ ಮೇಲೆ ನಿಂತುಹೋಗುತ್ತಿದೆಯೆಂದರೆ ಮಾತಿನಲ್ಲಿ ಏನೋ ತಪ್ಪುತ್ತಿದೆ. ಒಂದು ಕರೆ ಬಂದಾಗ ಪಕ್ಕದಲ್ಲಿ ಕುಳಿತು ಕೇಳಿದೆ. ‘ಯಾವ ಕೆಲಸ ಮಾಡಲು ಇಷ್ಟ?’ ಎಂದರೆ ‘ಯಾವುದಾದರೂ ಪರವಾಗಿಲ್ಲ ಸರ್’ ಎಂದ. ‘ಸಂಬಳ ಎಷ್ಟು ನಿರೀಕ್ಷೆ?’ ಎಂದರೆ ‘ನೀವು ಕೊಟ್ಟಷ್ಟು’ ಎಂದ. ವಿನಯವೆಂದುಕೊಂಡು ಹೇಳಿದ್ದು ಆ ಕಡೆ ಅಸಡ್ಡೆಯಂತೆ ಕೇಳುತ್ತದೆ. ‘ಟ್ಯಾಲಿ ಎಂಟ್ರಿ ಮತ್ತು ಬ್ಯಾಂಕ್ ಸಮನ್ವಯದ ಕೆಲಸ’ ಎಂಬ ಉತ್ತರವನ್ನೂ, ಪಿಜಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕೂಡಿಸಿ ಬಂದ ಒಂದು ಸಂಖ್ಯೆಯನ್ನೂ ಬರೆದು ಫೋನಿನ ಪಕ್ಕ ಇಟ್ಟುಕೊಂಡ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ, ‘ಸರ್, ಒಂದು ನಿಮಿಷ’ ಎಂದು ರಿಜಿಸ್ಟರು ತೆರೆದುಕೊಂಡೇ ಮಾತನಾಡತೊಡಗಿದ.

ಮುಂದಿನ ಎರಡು ವಾರಗಳಲ್ಲಿ ಅಷ್ಟೇ ಅರ್ಜಿಗಳಿಗೆ 12 ಕರೆ, 7 ಸಂದರ್ಶನ. ಸೋರುವ ಜಾಗ ಈಗ ಮುಂದಕ್ಕೆ ಸರಿದಿತ್ತು: ಏಳರಲ್ಲಿ ನಾಲ್ಕು ಕಡೆ ಲಿಖಿತ ಪರೀಕ್ಷೆಯಿತ್ತು, ನಾಲ್ಕರಲ್ಲೂ ಬ್ಯಾಂಕ್ ಸಮನ್ವಯದ ಲೆಕ್ಕದಲ್ಲಿ ಎಡವಿದ್ದ. ಇಂಥ ಸಂದರ್ಭದಲ್ಲಿ ಅರ್ಜಿ ಹೆಚ್ಚಿಸುವುದು ತೂತಾದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ದಿನದ ಗುರಿಯನ್ನು ಏಳರಿಂದ ನಾಲ್ಕಕ್ಕೆ ಇಳಿಸಿ, ಉಳಿದ ಹೊತ್ತನ್ನು ಅಭ್ಯಾಸಕ್ಕೆ ಕೊಟ್ಟೆವು. ನಿಮ್ಮ ಲೆಕ್ಕದಲ್ಲಿ ಎರಡು ವಾರವಾದರೂ ಕರೆಯೇ ಬರದಿದ್ದರೆ, ತಪ್ಪು ಅದಕ್ಕೂ ಹಿಂದೆ, ರೆಸ್ಯೂಮೆಯಲ್ಲಿ ಅಥವಾ ಆರಿಸಿಕೊಂಡ ಪ್ರದೇಶದಲ್ಲಿದೆ.

ಸಂದರ್ಶನದ ತಯಾರಿ: ಎರಡೇ ಲೆಕ್ಕ, ಚೆನ್ನಾಗಿ

ಹೊಸಬರಿಗೆ ಕೊಡುವ ಪರೀಕ್ಷೆ ಅರ್ಧ ಗಂಟೆಯದ್ದು, ಹೆಚ್ಚಾಗಿ ಕಾಗದದ ಮೇಲೆ. ಪುಸ್ತಕದ ವ್ಯಾಖ್ಯೆಗಳನ್ನು ಯಾರೂ ಕೇಳುವುದಿಲ್ಲ. ನಾನು ಕೊಡುವ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ, ಇನ್ನು ಮುಂದೆ ಅಂಕಿಗಳನ್ನು ಬದಲಾಯಿಸಿಕೊಂಡರಾಯಿತು.

ಕಂಪನಿಯ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ ₹50,000 ಇದೆ. ಕಂಪನಿ ಕೊಟ್ಟ ₹8,000 ರ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಕಂಪನಿ ಬ್ಯಾಂಕಿಗೆ ಹಾಕಿದ ₹5,000 ರ ಚೆಕ್ಕು ಇನ್ನೂ ಪಾಸಾಗಿಲ್ಲ. ಬ್ಯಾಂಕು ತನ್ನ ಶುಲ್ಕವೆಂದು ₹118 ಹಿಡಿದುಕೊಂಡಿದೆ, ಅದು ಪುಸ್ತಕದಲ್ಲಿ ಬಂದಿಲ್ಲ. ಹಾಗಾದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎಷ್ಟಿರಬೇಕು? ಹೊಸಬರು ಕೂಡುವುದು ಯಾವುದು, ಕಳೆಯುವುದು ಯಾವುದು ಎಂದು ಸೂತ್ರವನ್ನು ನೆನಪಿಸಿಕೊಳ್ಳಲು ಹೋಗಿ ಗೊಂದಲಕ್ಕೆ ಬೀಳುತ್ತಾರೆ. ಸೂತ್ರ ಬೇಡ, ಬ್ಯಾಂಕಿನ ಕೌಂಟರಿನ ಆಚೆ ಕುಳಿತವನಂತೆ ಯೋಚಿಸಿ. ₹8,000 ರ ಚೆಕ್ಕು ಅವನ ಕೈಗೆ ಬಂದೇ ಇಲ್ಲ, ಹಾಗಾಗಿ ದುಡ್ಡು ಇನ್ನೂ ಅವನಲ್ಲೇ ಇದೆ, ಕೂಡಿಸಿ. ₹5,000 ಅವನಿಗೆ ಇನ್ನೂ ಸಿಕ್ಕಿಲ್ಲ, ಕಳೆಯಿರಿ. ₹118 ಅವನೇ ತೆಗೆದುಕೊಂಡಿದ್ದಾನೆ, ಕಳೆಯಿರಿ. ಉತ್ತರ ₹52,882.

ಈ ಉತ್ತರ ಬರೆದವರು ಅನೇಕರಿರುತ್ತಾರೆ. ಆರಿಸುವುದು ಮುಂದಿನ ಪ್ರಶ್ನೆಯಲ್ಲಿ: ‘ಈ ಮೂರರಲ್ಲಿ ಈಗ ಟ್ಯಾಲಿಯಲ್ಲಿ ಎಂಟ್ರಿ ಮಾಡಬೇಕಾದದ್ದು ಯಾವುದು?’ ಬ್ಯಾಂಕ್ ಶುಲ್ಕ ಒಂದೇ. ಎರಡು ಚೆಕ್ಕುಗಳೂ ಪುಸ್ತಕದಲ್ಲಿ ಆಗಲೇ ಬಂದಿವೆ. ಅವು ಕಾಲ ಕಳೆದಂತೆ ತಾವೇ ಸರಿಹೋಗುತ್ತವೆ. ₹118 ರ ಪಾವತಿ ವೌಚರನ್ನು F5 ಒತ್ತಿ ಹಾಕಿದ ಮೇಲೆ ಪುಸ್ತಕದ ಬಾಕಿ ₹49,882 ಆಗುತ್ತದೆ. ಆ ₹118 ರಲ್ಲಿ ಶುಲ್ಕ ₹100, ಜಿಎಸ್‌ಟಿ ₹18 ಎಂದು ಬಿಡಿಸಿ ಹೇಳಿ, ಬ್ಯಾಂಕಿನವರ ಬಳಿ ಕಂಪನಿಯ ಜಿಎಸ್‌ಟಿ ನಂಬರು ದಾಖಲಾಗಿದ್ದರೆ ಆ ₹18 ರ ಇನ್‌ಪುಟ್ ಕ್ರೆಡಿಟ್ ಸಿಗಬಹುದೆಂದೂ ಹೇಳಿದ ಹೊಸಬನನ್ನು ನಾನು ಮರುಮಾತಿಲ್ಲದೆ ಎರಡನೆಯ ಸುತ್ತಿಗೆ ಕಳಿಸುತ್ತೇನೆ.

ಎರಡನೆಯದು ಜಿಎಸ್‌ಟಿಆರ್-2ಬಿ ಹೋಲಿಕೆ. ಸರಬರಾಜುದಾರರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ತಿಂಗಳ 14ಕ್ಕೆ 2ಬಿಯಲ್ಲಿ ಬರುತ್ತವೆ, ಮತ್ತು ಅದರಲ್ಲಿ ಬಾರದ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಖರೀದಿ ಪುಸ್ತಕವನ್ನೂ 2ಬಿಯನ್ನೂ ಎದುರುಬದುರು ಇಟ್ಟು, ಯಾವ ಬಿಲ್ಲು ಬಂದಿಲ್ಲವೆಂದು ಹುಡುಕುವುದು ಪ್ರತಿ ಅಕೌಂಟ್ಸ್ ಅಸಿಸ್ಟೆಂಟಿನ ತಿಂಗಳ ಕೆಲಸ. ಎಕ್ಸೆಲ್‌ನಲ್ಲಿ ಖರೀದಿ ಪುಸ್ತಕ ಮೊದಲ ಹಾಳೆಯಲ್ಲೂ 2ಬಿ Sheet2 ಹಾಳೆಯಲ್ಲೂ ಇದ್ದು, ಎರಡರಲ್ಲೂ ಬಿಲ್ ನಂಬರ್ A ಕಲಮಿನಲ್ಲಿ, ತೆರಿಗೆ C ಕಲಮಿನಲ್ಲಿ ಇದ್ದರೆ:

```
=VLOOKUP(A2,Sheet2!A:C,3,FALSE)
```

#N/A ಬಂದ ಸಾಲುಗಳೆಲ್ಲ 2ಬಿಯಲ್ಲಿ ಇಲ್ಲದವು ಎಂದು ಹೊಸಬರು ತೀರ್ಮಾನಿಸಿಬಿಡುತ್ತಾರೆ. ನಿಜದಲ್ಲಿ ಅನೇಕ ಬಾರಿ ನಿಮ್ಮಲ್ಲಿ ‘045’ ಎಂದೂ ಅಲ್ಲಿ ‘45’ ಎಂದೂ ಬರೆದಿರುತ್ತದೆ, ಅಥವಾ ನಂಬರಿನ ಹಿಂದೆ ಕಣ್ಣಿಗೆ ಕಾಣದ ಖಾಲಿ ಜಾಗವಿರುತ್ತದೆ. ಬೇರೆ ಬೇರೆ ಸರಬರಾಜುದಾರರ ಬಿಲ್ ನಂಬರು ಒಂದೇ ಆಗಿರುವುದೂ ಉಂಟು, ಆಗ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ಸಂದರ್ಶನದಲ್ಲಿ ಸೂತ್ರವನ್ನು ಹೇಳಿ ನಿಲ್ಲದೆ ಈ ಎಡವಟ್ಟುಗಳನ್ನೂ ಹೇಳಿದರೆ, ಕೈಯಾರೆ ಮಾಡಿದ್ದೀರೆಂದು ಗೊತ್ತಾಗುತ್ತದೆ. ಪರಿಚಯದ ಅಂಗಡಿಯವರಿಂದ ಒಂದು ತಿಂಗಳ ಖರೀದಿ ಬಿಲ್ಲುಗಳನ್ನು ಕೇಳಿ ಪಡೆದು, ಟ್ಯಾಲಿಯ ಉಚಿತ ಶೈಕ್ಷಣಿಕ ಆವೃತ್ತಿಯಲ್ಲಿ ಹಾಕಿ ನೋಡಿ. ಅದರಲ್ಲಿ ತಿಂಗಳ ಕೆಲವೇ ತಾರೀಖುಗಳಲ್ಲಿ ಎಂಟ್ರಿ ಹಾಕಲು ಸಾಧ್ಯ, ಅಭ್ಯಾಸಕ್ಕೆ ಅಷ್ಟು ಸಾಕು.

ಇಂಗ್ಲಿಷಿನ ಭಯಕ್ಕೆ ಒಂದು ಮಾತು. ಈ ಕೆಲಸಕ್ಕೆ ಭಾಷಣ ಮಾಡುವ ಇಂಗ್ಲಿಷ್ ಬೇಕಿಲ್ಲ. ಮೇಲಿನ ಲೆಕ್ಕವನ್ನು ಇಂಗ್ಲಿಷಿನಲ್ಲಿ ವಿವರಿಸಲು ಬಂದರೆ ಸಾಕು. ದಿನ ಸಂಜೆ ಅದನ್ನೇ ಗಟ್ಟಿಯಾಗಿ ಹೇಳಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿ.

ಎಚ್ಚರ ವಹಿಸಬೇಕಾದ ಎರಡು ಕಡೆ

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಯಾವ ಹೆಸರಿನಲ್ಲಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಅಕೌಂಟ್ಸ್ ಹುಡುಗರಿಗೆಂದೇ ಇನ್ನೊಂದು ಬಲೆಯಿದೆ: ‘ಕಂಪನಿಯ ವಸೂಲಿ ಹಣವನ್ನು ನಿಮ್ಮ ಖಾತೆಗೆ ಹಾಕುತ್ತೇವೆ, ನೀವು ಮುಂದಕ್ಕೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ’ ಎನ್ನುತ್ತಾರೆ. ಅದು ವಂಚನೆಯ ಹಣವನ್ನು ಸಾಗಿಸಲು ನಿಮ್ಮ ಖಾತೆಯನ್ನು ಬಳಸುವ ಉಪಾಯ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಹಾಗೆಯೇ ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ. ಮೂಲವನ್ನು ಇಟ್ಟುಕೊಳ್ಳುತ್ತೇವೆಂದರೆ ಒಪ್ಪಬೇಡಿ.

ಅಳಿಯನಿಗೆ ಆರನೆಯ ವಾರ ಕೆಲಸ ಸಿಕ್ಕಿತು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ನೇರವಾಗಿ ಕಳಿಸಿದ ಅರ್ಜಿ. 9ನೇ ತಾರೀಖು ಮಾಡಿದ ಮೊದಲ ಕರೆಗೆ ‘ಬ್ಯುಸಿ’ ಎಂದಿದ್ದವರು, ಎರಡನೆಯ ಬಾರಿ 16ಕ್ಕೆ ಮಾಡಿದಾಗ ‘ನಾಳೆ ಬಾ’ ಎಂದರು. ಆಫರ್ ಲೆಟರಿನಲ್ಲಿ ತಿಂಗಳಿಗೆ ₹17,000 ಎಂದಿತ್ತು. ಅವನು ಮನೆಗೆ ಫೋನು ಮಾಡಿ ಹೇಳುವ ಮೊದಲು, ಅದು ಕೈಗೆ ಬರುವುದೋ, ಕಂಪನಿಯ ಪಾಲಿನ ಪಿಎಫ್ ಕೂಡ ಸೇರಿದ್ದೋ ಎಂದು ಕೇಳಿಕೊಂಡು ಬರಲು ಹೇಳಿದೆ. ಮೂಲ ವೇತನ ₹10,000 ಎಂದಿದ್ದರೆ ನೌಕರನ ಪಾಲೇ ಶೇ 12ರಂತೆ ₹1,200 ಕಡಿತವಾಗುತ್ತದೆ, ಕಂಪನಿಯ ಪಾಲನ್ನೂ ಆ ಹದಿನೇಳರಲ್ಲೇ ಸೇರಿಸಿದ್ದರೆ ಇನ್ನೊಂದು ₹1,200 ಹೋಗುತ್ತದೆ. ‘ಮಾವ, ಕಂಪನಿ ಪಾಲು ಹೊರಗಿದೆಯಂತೆ’ ಎಂದು ಗೇಟಿನ ಬಳಿಯಿಂದಲೇ ಫೋನು ಮಾಡಿದ. ಆಮೇಲೆ ರಿಜಿಸ್ಟರಿನಲ್ಲಿ ಇನ್ನೂ ತೆರೆದಿದ್ದ ಒಂಬತ್ತು ಸಾಲುಗಳವರಿಗೆ, ಕೆಲಸ ಸಿಕ್ಕಿತೆಂದೂ ಧನ್ಯವಾದವೆಂದೂ ಎರಡು ಸಾಲಿನ ಇಮೇಲ್ ಕಳಿಸಿ ಕಲಮನ್ನು ಮುಚ್ಚಿದ.